ಆರ್‌ಒಇ: ಲಾಭ ಹೆಚ್ಚಾಯ್ತೋ, ಸಾಲ ಹೆಚ್ಚಾಯ್ತೋ?

ಷೇರು ಹುಡುಕುವವರು ಆರ್‌ಒಇ 15ಕ್ಕಿಂತ ಜಾಸ್ತಿ ಇರುವ ಕಂಪನಿಗಳನ್ನು ಮೊದಲು ಸೋಸಿಕೊಳ್ಳುವುದು ಮಾಮೂಲು. ಆರ್‌ಒಇ ಅಂದರೆ ರಿಟರ್ನ್ ಆನ್ ಈಕ್ವಿಟಿ. ಷೇರುದಾರರು ಹಾಕಿದ ದುಡ್ಡು, ಜೊತೆಗೆ ಹಂಚದೆ ಕಂಪನಿಯಲ್ಲೇ ಉಳಿಸಿಕೊಂಡ ಹಿಂದಿನ ಲಾಭ, ಇವೆರಡೂ ಸೇರಿದರೆ ಈಕ್ವಿಟಿ. ವರ್ಷದ ನಿವ್ವಳ ಲಾಭವನ್ನು ಇದರಿಂದ ಭಾಗಿಸಿ ನೂರರಿಂದ ಗುಣಿಸಿದರೆ ಆರ್‌ಒಇ ಸಿಗುತ್ತದೆ. ಲೆಕ್ಕ ಇಷ್ಟೇ. ಆದರೆ ಕೆಳಗಿನ ಈ ಈಕ್ವಿಟಿಯಲ್ಲಿ ಸಾಲ ಸೇರುವುದೇ ಇಲ್ಲ. ತೊಡಕು ಇರುವುದು ಅಲ್ಲೇ.

ಪಂಪ್‌ಸೆಟ್ ತಯಾರಿಸುವ ಎರಡು ಕಂಪನಿಗಳಿವೆ ಅಂದುಕೊಳ್ಳಿ. ಒಂದಕ್ಕೆ ಕಾವೇರಿ, ಇನ್ನೊಂದಕ್ಕೆ ತುಂಗಾ ಅಂತ ಸುಮ್ನೆ ಹೆಸರಿಡೋಣ. ಎರಡರಲ್ಲೂ ಹೂಡಿರುವ ಒಟ್ಟು ದುಡ್ಡು 100 ಕೋಟಿ, ವರ್ಷದ ಮಾರಾಟ 160 ಕೋಟಿ. ಬಡ್ಡಿ, ತೆರಿಗೆ ಕಳೆಯುವ ಮೊದಲಿನ ಲಾಭ 16 ಕೋಟಿ. ಯಂತ್ರ, ಕೆಲಸಗಾರರು, ಡೀಲರುಗಳು, ಎಲ್ಲದರಲ್ಲೂ ಒಂದನ್ನೊಂದು ಹೋಲುತ್ತವೆ. ವ್ಯತ್ಯಾಸ ಒಂದೇ: ಕಾವೇರಿಯ 100 ಕೋಟಿಯೂ ಷೇರುದಾರರದ್ದು. ತುಂಗಾದಲ್ಲಿ ಷೇರುದಾರರದ್ದು 40 ಕೋಟಿ, ಉಳಿದ 60 ಕೋಟಿ ಶೇ 10ರ ಬಡ್ಡಿಗೆ ತಂದ ಬ್ಯಾಂಕ್ ಸಾಲ.

ತೆರಿಗೆ ಶೇ 25 ಅಂತಿಟ್ಟುಕೊಳ್ಳೋಣ. ಕಾವೇರಿಯ 16 ಕೋಟಿಯಲ್ಲಿ ತೆರಿಗೆ 4 ಹೋಗಿ 12 ಉಳಿಯಿತು. ಆರ್‌ಒಇ ಶೇ 12. ತುಂಗಾದ 16 ಕೋಟಿಯಲ್ಲಿ ಮೊದಲು ಬಡ್ಡಿ 6 ಹೋಯಿತು. ಮಿಕ್ಕ 10ರಲ್ಲಿ ತೆರಿಗೆ ಎರಡೂವರೆ ಕಳೆದರೆ ಉಳಿದದ್ದು ಏಳೂವರೆ ಕೋಟಿ. ಅದನ್ನು 40ರಿಂದ ಭಾಗಿಸಿದರೆ ಆರ್‌ಒಇ ಶೇ 18.75. ಸೋಸುವಾಗ ತುಂಗಾ ಮಾತ್ರ ಉಳಿಯುತ್ತದೆ, ಕಾವೇರಿ ಜಾರಿಹೋಗುತ್ತದೆ. ತುಂಗಾ ಒಂದೇ ಒಂದು ಪಂಪ್ ಜಾಸ್ತಿ ಮಾರಿಲ್ಲ, ಅಲ್ವಾ?

ಈ ಹೆಚ್ಚುವರಿ ಬಂದದ್ದು ಎಲ್ಲಿಂದ ಅಂತ ಬಿಡಿಸಿ ನೋಡಲು ಅಮೆರಿಕದ ಡುಪಾಂಟ್ ಕಂಪನಿಯಲ್ಲಿ ಹುಟ್ಟಿದ ಒಂದು ವಿಧಾನವಿದೆ. ಆರ್‌ಒಇಯನ್ನು ಅದು ಮೂರು ತುಂಡು ಮಾಡುತ್ತದೆ: ನೂರು ರೂಪಾಯಿ ಮಾರಾಟಕ್ಕೆ ಉಳಿಯುವ ಲಾಭ, ಹೂಡಿದ ಆಸ್ತಿಗೆ ಎಷ್ಟು ಪಟ್ಟು ಮಾರಾಟ, ಈಕ್ವಿಟಿಗೆ ಎಷ್ಟು ಪಟ್ಟು ಆಸ್ತಿ. ಮೂರನ್ನೂ ಗುಣಿಸಿದರೆ ಆರ್‌ಒಇ. ಎರಡನೆಯ ತುಂಡು ಇಬ್ಬರಿಗೂ 1.6. ಮೊದಲನೆಯದರಲ್ಲಿ ತುಂಗಾ ಹಿಂದಿದೆ: ಕಾವೇರಿಗೆ ಏಳೂವರೆ ರೂಪಾಯಿ ಉಳಿದರೆ ತುಂಗಾಕ್ಕೆ ಸುಮಾರು 4.7 ಮಾತ್ರ, ಬಡ್ಡಿ ತಿಂದುಹಾಕಿದೆ. ಮೂರನೆಯದು ಕಾವೇರಿಗೆ 1, ತುಂಗಾಕ್ಕೆ 2.5. ಆರ್‌ಒಇಯನ್ನು ಮೇಲೆತ್ತಿದ್ದು ಇದೊಂದೇ, ಅಂದರೆ ಸಾಲ.

ಸಾಲ ಮಾಡಿದ್ದೇ ತಪ್ಪು ಅಂತಲ್ಲ. ಶೇ 10ಕ್ಕೆ ತಂದ ದುಡ್ಡು ಕಾರ್ಖಾನೆಯಲ್ಲಿ ಶೇ 16 ದುಡಿದರೆ ನಡುವಿನ 6 ಷೇರುದಾರರ ಪಾಲಿಗೇ ಬರುತ್ತದೆ. ಆದರೆ ಮಾರಾಟ ಬಿದ್ದ ವರ್ಷ ಇದೇ ಲೆಕ್ಕ ತಿರುಗಿ ನಿಲ್ಲುತ್ತದೆ. ಮಳೆ ಚೆನ್ನಾಗಾಗಿ ಪಂಪ್‌ಗೆ ಬೇಡಿಕೆ ಕುಸಿಯಿತು, 16 ಇದ್ದ ಲಾಭ 8 ಕೋಟಿಗಿಳಿಯಿತು ಅನ್ನಿ. ಕಾವೇರಿಯ ಆರ್‌ಒಇ ಶೇ 6 ಆಗುತ್ತದೆ, ಸರಿಯಾಗಿ ಅರ್ಧ. ತುಂಗಾದಲ್ಲಿ ಬಡ್ಡಿ 6 ಕೋಟಿ ಹಾಗೇ ನಿಂತಿರುತ್ತದೆ. ಮಿಕ್ಕ 2ರಲ್ಲಿ ತೆರಿಗೆ ಹೋಗಿ ಉಳಿಯುವುದು ಒಂದೂವರೆ ಕೋಟಿ, ಆರ್‌ಒಇ ಶೇ 3.75. ಲಾಭ 10 ಕೋಟಿ ಆದಾಗ, ಅಂದರೆ ದುಡಿಮೆಯೂ ಬಡ್ಡಿ ದರವೂ ಸಮವಾದಾಗ, ಎರಡೂ ಕಂಪನಿಗಳು ಶೇ 7.5ಕ್ಕೆ ಬಂದು ಕೂಡುತ್ತವೆ. ಅದಕ್ಕಿಂತ ಕೆಳಗೆ ಹೋದರೆ ಸಾಲ ಇರುವವರಿಗೇ ಹೊಡೆತ ಜಾಸ್ತಿ.

ಇದನ್ನು ಪತ್ತೆಹಚ್ಚಲು ಕಷ್ಟವಿಲ್ಲ. ಆರ್‌ಒಇ ಪಕ್ಕದಲ್ಲೇ ಆರ್‌ಒಸಿಇ ನೋಡಿ. ಅದು ಬಡ್ಡಿ, ತೆರಿಗೆಗೆ ಮುಂಚಿನ ಲಾಭವನ್ನು ಸಾಲವೂ ಸೇರಿದ ಬಂಡವಾಳದಿಂದ ಭಾಗಿಸುತ್ತದೆ. ಒಳ್ಳೆಯ ವರ್ಷದಲ್ಲಿ ಎರಡೂ ಕಂಪನಿಗಳಿಗೆ ಅದು ಶೇ 16. ಆಮೇಲೆ ಲಾಭ-ನಷ್ಟದ ಪಟ್ಟಿಯಲ್ಲಿ ಫೈನಾನ್ಸ್ ಕಾಸ್ಟ್, ಅಂದರೆ ಬಡ್ಡಿ ಖರ್ಚಿನ ಸಾಲಿಗೆ ಕಣ್ಣು ಹಾಯಿಸಿ. ಬಡ್ಡಿ, ತೆರಿಗೆಗೆ ಮುಂಚಿನ ತುಂಗಾದ ಲಾಭ ಆ ಒಳ್ಳೆಯ ವರ್ಷದಲ್ಲೂ ಬಡ್ಡಿಯ ಸುಮಾರು 2.7 ಪಟ್ಟಷ್ಟೇ ಇತ್ತು. ಬೇಡಿಕೆ ಏರಿಳಿಯುವ ವ್ಯಾಪಾರಕ್ಕೆ ಇದು ನನ್ನ ಪ್ರಕಾರ ತೀರಾ ಕಡಿಮೆ. ವರ್ಷದಿಂದ ವರ್ಷಕ್ಕೆ ಆರ್‌ಒಇ ಏರುತ್ತಾ, ಆರ್‌ಒಸಿಇ ಇದ್ದಲ್ಲೇ ಇದ್ದರೆ, ಸಾಲ ಬೆಳೆಯುತ್ತಿದೆಯಾ ಅಂತ ಮೊದಲು ನೋಡಬೇಕು.

ಈಕ್ವಿಟಿ ಕರಗಿದರೂ ಆರ್‌ಒಇ ಏರಬಹುದು. ಹಲವು ವರ್ಷ ನಷ್ಟವಾದರೆ ಈಕ್ವಿಟಿ ಸಣ್ಣದಾಗಿ, ಮುಂದೆ ಬರುವ ಚೂರು ಲಾಭಕ್ಕೂ ಆರ್‌ಒಇ ಭಾರಿಯಾಗಿ ಕಾಣುತ್ತದೆ. ಷೇರು ಮರುಖರೀದಿಯಲ್ಲೂ ಹಾಗೇ. ಮೆಕ್‌ಡೊನಾಲ್ಡ್ಸ್ ಎಷ್ಟು ಷೇರು ವಾಪಸ್ ಕೊಂಡಿತೆಂದರೆ ಅದರ ಈಕ್ವಿಟಿಯೇ ಸೊನ್ನೆಗಿಂತ ಕೆಳಗಿಳಿಯಿತು. ಅಲ್ಲಿ ಆರ್‌ಒಇಗೆ ಅರ್ಥವೇ ಇಲ್ಲ.

ಬ್ಯಾಂಕುಗಳ ವಿಷಯ ಬೇರೆ. ಠೇವಣಿ ಅಂದರೆ ಬ್ಯಾಂಕಿಗೆ ಸಾಲವೇ, ಅದೇ ಅದರ ಕಚ್ಚಾ ಸರಕು. ಅಲ್ಲಿ ಆರ್‌ಒಸಿಇ ಉಪಯೋಗಕ್ಕೆ ಬರುವುದಿಲ್ಲ. ಆರ್‌ಒಇ ಜೊತೆ ಆರ್‌ಒಎ, ಅಂದರೆ ಒಟ್ಟು ಆಸ್ತಿಯ ಮೇಲಿನ ಲಾಭ ನೋಡುತ್ತಾರೆ. ಅದು ಶೇ 1 ದಾಟಿದರೇ ಚೆನ್ನಾಗಿದೆ ಅನ್ನುವುದು ವಾಡಿಕೆ.