ಎರಡು ಸಾವಿರದ ಖರೀದಿಗೆ ನೂರಾ ಇಪ್ಪತ್ತೇ ಏಕೆ ಬಂತು: ಕ್ಯಾಶ್‌ಬ್ಯಾಕ್ ಲೆಕ್ಕದ ಒಳಹೊಕ್ಕು

ಪಾವತಿ ಆ್ಯಪ್‌ಗಳ ಕ್ಯಾಶ್‌ಬ್ಯಾಕ್ ಕೊಡುಗೆಯಲ್ಲಿ ದೊಡ್ಡ ಅಕ್ಷರಗಳಲ್ಲಿ ಕಾಣುವುದು ಶೇಕಡಾವಾರು ಮಾತ್ರ. ಖರೀದಿದಾರರ ಕೈಗೆ ಬರುವ ಹಣವನ್ನು ನಿರ್ಧರಿಸುವುದು ಅದರ ಕೆಳಗಿನ ಸಣ್ಣ ಅಕ್ಷರಗಳ ಷರತ್ತುಗಳು. ಬಾಗಲಕೋಟೆಯಲ್ಲಿ ಅಂಗಡಿಕಾರರ ಲೆಕ್ಕಪತ್ರ ನೋಡಿಕೊಳ್ಳುವ ನನ್ನ ಬಳಿಗೆ ಇಂಥ ತಕರಾರುಗಳು ಆಗಾಗ ಬರುತ್ತವೆ. ನವನಗರದ ಶಿಕ್ಷಕಿಯೊಬ್ಬರು ತಂದ ಪ್ರಕರಣದಲ್ಲಿ ಈ ಲೆಕ್ಕದ ಬಹುತೇಕ ಎಲ್ಲ ಹಂತಗಳೂ ಒಟ್ಟಿಗೆ ಇದ್ದುದರಿಂದ, ಅದನ್ನೇ ಇಲ್ಲಿ ಬಿಡಿಸಿ ನೋಡುತ್ತೇನೆ.

ಕೊಡುಗೆಯ ಷರತ್ತುಗಳು ಹೀಗಿದ್ದವು: ಕನಿಷ್ಠ ₹999ರ ಖರೀದಿಗೆ ಶೇ 10 ಕ್ಯಾಶ್‌ಬ್ಯಾಕ್, ಒಂದು ಖರೀದಿಗೆ ಗರಿಷ್ಠ ₹200, ಒಬ್ಬ ಗ್ರಾಹಕರಿಗೆ ಒಂದು ಕ್ಯಾಲೆಂಡರ್ ತಿಂಗಳಲ್ಲಿ ಒಟ್ಟು ₹500. ಅವರು ತಿಂಗಳ 28ರಂದು ಆನ್‌ಲೈನ್ ಮಳಿಗೆಯೊಂದರಿಂದ ₹1,200ರ ಕುಕ್ಕರ್ ಹಾಗೂ ₹800ರ ಡಬ್ಬಿಗಳ ಸೆಟ್ ತರಿಸಿದ್ದರು. ಅವರ ಪ್ರಶ್ನೆ ನೇರವಾಗಿತ್ತು: “ಎರಡು ಸಾವಿರಕ್ಕ ಹತ್ತು ಪರ್ಸೆಂಟ್ ಅಂದ್ರ ಇನ್ನೂರು ಬರಬೇಕಲ್ರೀ ಸರ್, ನೂರಾ ಇಪ್ಪತ್ತು ಯಾಕ ಬಂತು?”

ಮೊದಲು ನೋಡಬೇಕಾದದ್ದು ಶೇಕಡಾವಾರನ್ನು ಯಾವ ಮೊತ್ತದ ಮೇಲೆ ಹಾಕಿದ್ದಾರೆ ಎಂಬುದನ್ನು. ಅದು ಸಾಮಾನುಗಳ ಬೆಲೆಯಲ್ಲ, ಷರತ್ತುಗಳು ಒಪ್ಪುವ ಅರ್ಹ ಮೊತ್ತ. ಈ ಖರೀದಿಯಲ್ಲಿ ಮಳಿಗೆಯ ಕೂಪನ್‌ನಿಂದ ₹200 ಕಡಿಮೆಯಾಗಿ ₹1,800 ಉಳಿದಿತ್ತು. ಹಿಂದಿನ ಖರೀದಿಗಳಿಂದ ವಾಲೆಟ್‌ನಲ್ಲಿ ಸೇರಿದ್ದ ₹100 ರಿವಾರ್ಡ್ ಹಣವನ್ನೂ ಅವರು ಇದೇ ಬಿಲ್ಲಿಗೆ ಬಳಸಿದ್ದರು. ಒಮ್ಮೆ ಕೊಡುಗೆಯಾಗಿ ಕೊಟ್ಟ ಹಣದ ಮೇಲೆ ಮತ್ತೆ ಕೊಡುಗೆ ಕೊಡಲು ಆ ಷರತ್ತುಗಳು ಒಪ್ಪುತ್ತಿರಲಿಲ್ಲವಾದ್ದರಿಂದ ಅರ್ಹ ಮೊತ್ತ ₹1,700ಕ್ಕೆ ಇಳಿಯಿತು. ಸಾಗಣೆ ಶುಲ್ಕ ₹50 ಸೇರಿ ಬ್ಯಾಂಕ್ ಖಾತೆಯಿಂದ ಹೋದದ್ದು ₹1,750 ಆದರೂ, ಆ ಐವತ್ತು ರೂಪಾಯಿಯೂ ಲೆಕ್ಕಕ್ಕೆ ಬರುವುದಿಲ್ಲ. ಹೀಗೆ ಶೇ 10ರ ಲೆಕ್ಕದಲ್ಲಿ ಬಂದದ್ದು ₹170.

ಮುಂದಿನ ಹಂತ ಮಿತಿಗಳದ್ದು. ಈ ₹170 ಒಂದು ಖರೀದಿಯ ಮಿತಿಯಾದ ₹200ಕ್ಕಿಂತ ಕಡಿಮೆಯಿದ್ದುದರಿಂದ ಅಲ್ಲಿ ಕಡಿತವಾಗಲಿಲ್ಲ. ಆದರೆ ಅದೇ ತಿಂಗಳ ಹಿಂದಿನ ಖರೀದಿಗಳಿಂದ ಅವರಿಗೆ ಆಗಲೇ ₹380 ಬಂದಿತ್ತು. ತಿಂಗಳ ಮಿತಿಯಲ್ಲಿ ಉಳಿದಿದ್ದದ್ದು ₹120 ಮಾತ್ರ, ಜಮೆಯಾದದ್ದೂ ಅಷ್ಟೇ. ಅವರು ನಿರೀಕ್ಷಿಸಿದ್ದಕ್ಕಿಂತ ಕಡಿಮೆಯಾದ ₹80ರಲ್ಲಿ ಕೂಪನ್‌ನ ಪಾಲು ₹20, ವಾಲೆಟ್ ಹಣದ ಪಾಲು ₹10, ಉಳಿದ ₹50 ತಿಂಗಳ ಮಿತಿಯದ್ದು. ಕೂಪನ್ ಅವರಿಗೆ ನಷ್ಟ ತಂದಿಲ್ಲ ಎಂಬುದನ್ನು ಗಮನಿಸಬೇಕು. ₹20 ಕ್ಯಾಶ್‌ಬ್ಯಾಕ್ ಹೋದರೂ ಬೆಲೆಯಲ್ಲಿ ₹200 ಉಳಿದಿದೆ. ನಿಜವಾಗಿ ತಪ್ಪಿಸಬಹುದಾಗಿದ್ದದ್ದು ಆ ₹50. ಈ ಕೊಡುಗೆಯಲ್ಲಿ ತಿಂಗಳನ್ನು ಪಾವತಿಯಾದ ದಿನಾಂಕದಿಂದ ಎಣಿಸುತ್ತಿದ್ದರು. ಕುಕ್ಕರ್ ಅವಸರದ್ದಲ್ಲದಿದ್ದರೆ, ಕೊಡುಗೆಯೂ ಮುಂದುವರಿದಿದ್ದರೆ, ಒಂದನೇ ತಾರೀಖಿನವರೆಗೆ ಕಾದು ಪೂರ್ತಿ ₹170 ಪಡೆಯಬಹುದಿತ್ತು. ಎಲ್ಲ ಕೊಡುಗೆಗಳೂ ಹೀಗೆ ಎಣಿಸುವುದಿಲ್ಲ. ಕ್ರೆಡಿಟ್ ಕಾರ್ಡ್‌ಗಳಲ್ಲಿ ಮಿತಿ ಅನೇಕ ವೇಳೆ ಸ್ಟೇಟ್‌ಮೆಂಟ್ ಅವಧಿಗೆ ಸೇರಿರುತ್ತದೆ. ಹದಿನೈದಕ್ಕೆ ಸ್ಟೇಟ್‌ಮೆಂಟ್ ಆಗುವ ಕಾರ್ಡ್‌ನಲ್ಲಿ ಒಂದನೇ ತಾರೀಖಿಗೆ ಕಾಯುವುದರಿಂದ ಏನೂ ಬದಲಾಗುವುದಿಲ್ಲ.

ಖರೀದಿಯ ಮಿತಿಯನ್ನು ಓದಲು ಒಂದು ಸುಲಭದ ಭಾಗಾಕಾರವಿದೆ. ಮಿತಿಯ ಮೊತ್ತವನ್ನು ಶೇಕಡಾವಾರಿನಿಂದ ಭಾಗಿಸಿದರೆ ಕೊಡುಗೆ ಎಲ್ಲಿಗೆ ನಿಲ್ಲುತ್ತದೆ ಎಂಬುದು ಸಿಗುತ್ತದೆ. ಶೇ 10, ₹200 ಮಿತಿ ಎಂದರೆ ₹2,000. ₹999ರಿಂದ ₹2,000ದ ನಡುವೆ ಮಾತ್ರ ಇದು ಶೇ 10ರ ಕೊಡುಗೆ. ₹6,000ದ ಇಳಕಲ್ ಸೀರೆ ಕೊಂಡರೂ ಸಿಗುವುದು ಅದೇ ₹200, ಅಂದರೆ ಶೇ 3.33. ಕನಿಷ್ಠ ಮೊತ್ತದ ಬಳಿಯೂ ಅಷ್ಟೇ ಎಚ್ಚರ ಬೇಕು. ಕೂಪನ್ ಹಾಕುವ ಮೊದಲು ₹1,050 ಇದ್ದ ಬಿಲ್ಲು ಕೂಪನ್ ನಂತರ ₹950 ಆದರೆ ಕ್ಯಾಶ್‌ಬ್ಯಾಕ್ ಕಡಿಮೆಯಾಗುವುದಲ್ಲ, ಪೂರ್ತಿ ಇಲ್ಲವಾಗುತ್ತದೆ.

ಮಿತಿಗಳು ಇಷ್ಟು ಬಿಗಿಯಾಗಿರುವುದಕ್ಕೆ ಕಾರಣ ಹಣ ಎಲ್ಲಿಂದ ಬರುತ್ತದೆ ಎಂಬುದರಲ್ಲಿದೆ. 2020ರ ಜನವರಿಯಿಂದ ಸಾಮಾನ್ಯ ಯುಪಿಐ ಪಾವತಿಗೂ ರುಪೇ ಡೆಬಿಟ್ ಕಾರ್ಡ್ ಪಾವತಿಗೂ ವ್ಯಾಪಾರಿಯಿಂದ ಶುಲ್ಕ ಪಡೆಯುವಂತಿಲ್ಲ. ಕ್ರೆಡಿಟ್ ಕಾರ್ಡ್‌ನಲ್ಲಾದರೆ ವ್ಯಾಪಾರಿ ಕೊಡುವ ಶುಲ್ಕದ ಒಂದು ಭಾಗ ಗ್ರಾಹಕರಿಗೆ ಮರಳುತ್ತದೆ. ಯುಪಿಐನಲ್ಲಿ ಅಂಥ ಮೂಲವಿಲ್ಲದ ಕಾರಣ ಕ್ಯಾಶ್‌ಬ್ಯಾಕ್ ಎಂಬುದು ಆ್ಯಪ್, ಮಳಿಗೆ ಅಥವಾ ಸರಕು ತಯಾರಿಸಿದ ಕಂಪನಿಯ ಪ್ರಚಾರ ವೆಚ್ಚವೇ ಆಗಿರುತ್ತದೆ. ಆ ವೆಚ್ಚ ಕೈಮೀರದಂತೆ ತಡೆಯುವುದು ಮಿತಿಗಳ ಕೆಲಸ. ಸ್ಕ್ರ್ಯಾಚ್ ಕಾರ್ಡ್‌ಗಳೂ ಇದೇ ಲೆಕ್ಕದವು. ಅಲ್ಲಿ ಬರೆದಿರುವ ದೊಡ್ಡ ಮೊತ್ತವನ್ನು ಸಿಗಬಹುದಾದ ಗರಿಷ್ಠ ಎಂದಷ್ಟೇ ಓದಬೇಕು.

ಅಂಗಡಿಗೆ ಹೋಗಿ ಕೊಳ್ಳುವವರಿಗೆ ಇನ್ನೊಂದು ಅಡ್ಡಿಯಿದೆ. ನಮ್ಮ ಕಡೆಯ ಪೇಟೆಗಳಲ್ಲಿ ಒಂದೇ ಅಂಗಡಿಯ ಗಲ್ಲಾದ ಮುಂದೆ ಎರಡು ಮೂರು ಕ್ಯೂಆರ್ ಫಲಕಗಳಿರುವುದು ಸಾಮಾನ್ಯ. ಅವುಗಳಲ್ಲಿ ಒಂದು ಮಾಲೀಕರ ಸ್ವಂತ ಖಾತೆಯದ್ದಾಗಿದ್ದರೆ, ಅದಕ್ಕೆ ಹಾಕಿದ ಹಣ ಯುಪಿಐ ದಾಖಲೆಯಲ್ಲಿ ಒಬ್ಬ ವ್ಯಕ್ತಿ ಇನ್ನೊಬ್ಬ ವ್ಯಕ್ತಿಗೆ ಕಳಿಸಿದ ಹಣವೆಂದು ಸೇರುತ್ತದೆ, ವ್ಯಾಪಾರಿ ಪಾವತಿಗೆ ಮೀಸಲಾದ ಕೊಡುಗೆ ಅದಕ್ಕೆ ಸಿಗುವುದಿಲ್ಲ. ವ್ಯಾಪಾರಿ ಕ್ಯೂಆರ್‌ನೊಳಗಿನ ಸಾಲಿನಲ್ಲಿ ಸಾಮಾನ್ಯವಾಗಿ `mc=` ಎಂಬುದರ ಮುಂದೆ ನಾಲ್ಕು ಅಂಕಿಗಳ ವ್ಯಾಪಾರ ಸಂಕೇತವಿರುತ್ತದೆ. ವ್ಯಕ್ತಿಯ ಕ್ಯೂಆರ್ ಆದರೆ ಅದು ಇರುವುದಿಲ್ಲ, ಇಲ್ಲವೇ `0000` ಎಂದಿರುತ್ತದೆ. ಇದನ್ನು ಯಾರೂ ಬಿಡಿಸಿ ಓದಬೇಕಾಗಿಲ್ಲ. ಸ್ಕ್ಯಾನ್ ಮಾಡಿದಾಗ ಅಂಗಡಿಯ ಹೆಸರು ಬರುತ್ತದೆಯೋ ವ್ಯಕ್ತಿಯ ಹೆಸರೋ ಎಂದು ನೋಡಿದರೆ ಒಂದು ಸುಳಿವು ಸಿಗುತ್ತದೆ. ಯುಪಿಐಗೆ ಜೋಡಿಸಿದ ರುಪೇ ಕ್ರೆಡಿಟ್ ಕಾರ್ಡ್ ಇದ್ದರೆ ಇನ್ನೂ ಗಟ್ಟಿಯಾದ ಪರೀಕ್ಷೆ ಕೈಯಲ್ಲೇ ಇದೆ, ಏಕೆಂದರೆ ವ್ಯಕ್ತಿಯ ಖಾತೆಗೆ ಅದರಿಂದ ಹಣ ಹೋಗುವುದೇ ಇಲ್ಲ.

ಆ ನಾಲ್ಕು ಅಂಕಿಗಳ ಸಂಕೇತವೇ ‘ದಿನಸಿಗೆ ಶೇ 5’, ‘ಹೋಟೆಲ್ ಊಟಕ್ಕೆ ಶೇ 10’ ಎಂಬಂಥ ಕೊಡುಗೆಗಳನ್ನೂ ನಿರ್ಧರಿಸುತ್ತದೆ. ನೀವು ಏನು ಕೊಂಡಿರಿ ಎಂಬುದು ಪಾವತಿ ವ್ಯವಸ್ಥೆಗೆ ಗೊತ್ತಾಗುವುದಿಲ್ಲ. ಅಂಗಡಿ ಯಾವ ವರ್ಗದಲ್ಲಿ ನೋಂದಣಿಯಾಗಿದೆ ಎಂಬುದಷ್ಟೇ ಗೊತ್ತಾಗುತ್ತದೆ. ಬೆಳಗಾವಿಯ ಮಿಠಾಯಿ ಅಂಗಡಿಯಲ್ಲಿ ಕುಂದಾ ಕೊಂಡವರು ಹೋಟೆಲ್ ಕೊಡುಗೆ ಬರುತ್ತದೆಂದು ಕಾಯುತ್ತಾರೆ. ಆದರೆ ಹೋಟೆಲ್‌ಗಳ ಸಂಕೇತ 5812, ಮಿಠಾಯಿ ಅಂಗಡಿಗಳದ್ದು 5441. ಆ ಅಂಗಡಿ ಎರಡನೆಯ ವರ್ಗದಲ್ಲಿದ್ದರೆ, ಅಲ್ಲೇ ಕುರ್ಚಿಯಲ್ಲಿ ಕುಳಿತು ತಿಂದಿದ್ದರೂ ಕೊಡುಗೆ ಬರುವುದಿಲ್ಲ.

ಇನ್ನು ಜಮೆಯ ವಿಷಯ. ಪಾವತಿ ಯಶಸ್ವಿಯಾದೊಡನೆ ಆ್ಯಪ್ ತೋರಿಸುವ ಕ್ಯಾಶ್‌ಬ್ಯಾಕ್ ಅನೇಕ ಸಲ ಬಾಕಿ ಸ್ಥಿತಿಯಲ್ಲಿರುತ್ತದೆ. ಅಂಗಡಿಯಲ್ಲಿ ನಡೆದ ಪಾವತಿಗೆ ಕೆಲವು ಆ್ಯಪ್‌ಗಳು ಕೂಡಲೇ ಕೊಡುತ್ತವೆ. ಆನ್‌ಲೈನ್ ಖರೀದಿಯಲ್ಲಿ ಮಾತ್ರ ಸರಕು ಹಿಂದಿರುಗಿಸುವ ಅವಧಿ ಮುಗಿಯುವವರೆಗೆ ತಡೆಹಿಡಿಯುವುದು ರೂಢಿ, ಏಕೆಂದರೆ ಕೊಟ್ಟ ಹಣವನ್ನು ಆಮೇಲೆ ವಾಪಸು ಪಡೆಯುವುದು ಅವರಿಗೂ ತೊಡಕಿನ ಕೆಲಸ. ಜಮೆ ಎಲ್ಲಿಗೆ ಆಗುತ್ತದೆ ಎಂಬುದೂ ಮುಖ್ಯ. ಬ್ಯಾಂಕ್ ಖಾತೆಗೆ ಬಂದರೆ ಅದು ಹಣ. ಅದೇ ಮಳಿಗೆಯಲ್ಲಿ ಮೂರು ತಿಂಗಳೊಳಗೆ ಖರ್ಚು ಮಾಡಬೇಕಾದ ವಾಲೆಟ್ ಮೊತ್ತವನ್ನು ನಾನು ಅಷ್ಟೇ ಬೆಲೆಯ ಹಣವೆಂದು ಎಣಿಸುವುದಿಲ್ಲ. ಪಾಯಿಂಟುಗಳಾದರೆ ಒಂದು ಪಾಯಿಂಟಿಗೆ ಎಷ್ಟು ಪೈಸೆ ಎಂದು ಮೊದಲು ಕೇಳಬೇಕು. ಪ್ರತಿ ₹100ಕ್ಕೆ ಒಂದು ಪಾಯಿಂಟ್, ಪಾಯಿಂಟಿಗೆ 25 ಪೈಸೆ ಎಂದರೆ ಅದು ಶೇ ಕಾಲು ಭಾಗದ ಕೊಡುಗೆ. ನೂರರ ಗುಣಕಕ್ಕೆ ಮಾತ್ರ ಪಾಯಿಂಟ್ ಕೊಡುವ ಕಡೆ ₹190ರ ಖರೀದಿಗೂ ಒಂದೇ ಪಾಯಿಂಟ್ ಬರುತ್ತದೆ.

ಶಿಕ್ಷಕಿಯ ಮುಂದಿನ ಪ್ರಶ್ನೆ ಇನ್ನೂ ಸ್ವಾರಸ್ಯದ್ದಾಗಿತ್ತು. ಎರಡರಲ್ಲಿ ಒಂದು ಸಾಮಾನನ್ನು ಹಿಂದಿರುಗಿಸಿದರೆ ಏನಾಗುತ್ತದೆ? ಇಲ್ಲಿ ಕೂಪನ್ನನ್ನೂ ವಾಲೆಟ್ ಹಣವನ್ನೂ ಎರಡೂ ಸಾಮಾನುಗಳಿಗೆ ಬೆಲೆಗೆ ತಕ್ಕಂತೆ ಹಂಚುತ್ತಾರೆ. ಕುಕ್ಕರ್‌ನ ₹1,200ರಲ್ಲಿ ಕೂಪನ್‌ನ ಪಾಲು ₹120, ವಾಲೆಟ್‌ನ ಪಾಲು ₹60 ಕಳೆದರೆ ಅದರ ಅರ್ಹ ಮೊತ್ತ ₹1,020. ಡಬ್ಬಿಗಳದ್ದು ಅದೇ ರೀತಿ ₹80 ಮತ್ತು ₹40 ಕಳೆದು ₹680. ಡಬ್ಬಿಗಳನ್ನು ಹಿಂದಿರುಗಿಸಿದರೆ ಉಳಿಯುವ ₹1,020 ಕನಿಷ್ಠ ಮೊತ್ತವನ್ನು ದಾಟುತ್ತದೆ. ಹೊಸ ಕ್ಯಾಶ್‌ಬ್ಯಾಕ್ ₹102, ಅಂದರೆ ಬಂದಿದ್ದ ₹120ರಲ್ಲಿ ₹18 ಮಾತ್ರ ಕಡಿತ. ಕುಕ್ಕರ್ ಹಿಂದಿರುಗಿಸಿದರೆ ಉಳಿಯುವ ₹680 ಕನಿಷ್ಠ ಮೊತ್ತವನ್ನೇ ಮುಟ್ಟುವುದಿಲ್ಲವಾದ್ದರಿಂದ ₹120 ಪೂರ್ತಿ ಹೋಗುತ್ತದೆ. ಕೆಲವು ಕೊಡುಗೆಗಳು ಇಷ್ಟು ಲೆಕ್ಕವನ್ನೂ ಮಾಡದೆ, ಒಂದೇ ಒಂದು ವಸ್ತು ಹಿಂದಿರುಗಿದರೂ ಕ್ಯಾಶ್‌ಬ್ಯಾಕ್ ಪೂರ್ತಿ ರದ್ದು ಎನ್ನುತ್ತವೆ. ಜಮೆಯಾದ ಹಣವನ್ನು ಆಗಲೇ ಖರ್ಚು ಮಾಡಿದ್ದರೆ ಅದನ್ನು ಮರುಪಾವತಿಯ ಮೊತ್ತದಲ್ಲೇ ಮುರಿದುಕೊಳ್ಳುತ್ತಾರೆ. ಮರುಪಾವತಿ ಕಡಿಮೆ ಬಂದಿದೆ ಎಂದು ಮಳಿಗೆಯೊಡನೆ ಜಗಳಕ್ಕೆ ನಿಲ್ಲುವವರಲ್ಲಿ ಹಲವರ ಕೊರತೆ ಈ ಕಡಿತವೇ ಆಗಿರುತ್ತದೆ.

ಲೆಕ್ಕವೆಲ್ಲ ಸರಿಯಿದ್ದೂ ಹಣ ಬಾರದಿದ್ದರೆ, ಷರತ್ತುಗಳಲ್ಲಿ ಹೇಳಿದ ಅವಧಿ ಮುಗಿದ ಮೇಲೆ ಆ್ಯಪ್‌ನ ದೂರು ವಿಭಾಗಕ್ಕೆ ಬರೆಯಬೇಕು. ‘ಕ್ಯಾಶ್‌ಬ್ಯಾಕ್ ಬಂದಿಲ್ಲ’ ಎಂದಷ್ಟೇ ಬರೆದರೆ ಸಿದ್ಧ ಉತ್ತರವೊಂದು ಬರುತ್ತದೆ. ಯುಪಿಐ ಪಾವತಿಯ 12 ಅಂಕಿಗಳ ವಹಿವಾಟು ಸಂಖ್ಯೆ, ಪಾವತಿಯ ದಿನಾಂಕ, ನಿಮ್ಮ ಲೆಕ್ಕದ ಅರ್ಹ ಮೊತ್ತ, ಆ ತಿಂಗಳಲ್ಲಿ ಈಗಾಗಲೇ ಬಂದಿರುವ ಕ್ಯಾಶ್‌ಬ್ಯಾಕ್ ಇವನ್ನು ಬರೆದು, ಯಾವ ಷರತ್ತಿನ ಪ್ರಕಾರ ತಡೆದಿದ್ದೀರಿ ಎಂದು ಕೇಳಬೇಕು. ಷರತ್ತುಗಳ ಸ್ಕ್ರೀನ್‌ಶಾಟ್ ಅನ್ನು ಪಾವತಿಗೆ ಮೊದಲೇ ತೆಗೆದಿಟ್ಟಿರಬೇಕು, ಏಕೆಂದರೆ ಕೊಡುಗೆ ಮುಗಿದ ಮೇಲೆ ಆ ಪುಟ ಆ್ಯಪ್‌ನಲ್ಲಿ ಸಿಗದೆ ಹೋಗಬಹುದು. ಅಲ್ಲಿ ಬಗೆಹರಿಯದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಇದೇ ವಿವರಗಳೊಂದಿಗೆ ದೂರು ಕೊಡಬಹುದು. ದೂರು ಕೊಟ್ಟ ಬಳಿಕ ಯಾರಾದರೂ ಕರೆ ಮಾಡಿ, ಕ್ಯಾಶ್‌ಬ್ಯಾಕ್ ಜಮೆಯಾಗಲು ಯುಪಿಐ ಪಿನ್ ಹಾಕಿ ಎಂದರೆ ಕರೆಯನ್ನು ಕಡಿದುಬಿಡಿ. ಹಣ ಪಡೆಯಲು ಪಿನ್ ಬೇಕಾಗುವುದಿಲ್ಲ.