ಸಂಬಳವನ್ನು 22ರಿಂದ ಭಾಗಿಸಬೇಡಿ, ಮಾರಾಯ್ರೆ

ಪ್ರಶ್ನೆ: ಉಡುಪಿಯವ. ಕೆಲಸ ಬಿಟ್ಟು ಟ್ರೈನರ್ ಆಗಿದ್ದೇನೆ. ಬೆಂಗಳೂರಿನ ಕಂಪನಿಯೊಂದು ಮೂರು ದಿನದ ವರ್ಕ್‌ಶಾಪ್ ಕೇಳಿದೆ. ನನ್ನ ಸಂಬಳ 80,000 ಇತ್ತು, 22 ದಿನಕ್ಕೆ ಭಾಗಿಸಿದರೆ ಸುಮಾರು 3,600. ದಿನಕ್ಕೆ 4,000 ಕೇಳಿದರೆ ಜಾಸ್ತಿಯಾಯಿತಾ?

ಈ ಭಾಗಾಕಾರವನ್ನು ಎಷ್ಟು ಜನ ಕಳಿಸುತ್ತಾರೋ! ಊರು ಬೇರೆ, ಸಂಬಳ ಬೇರೆ, ಲೆಕ್ಕ ಮಾತ್ರ ಅದೇ. ಜಾಸ್ತಿ ಆಗಲಿಲ್ಲ, ಸುಮಾರು ನಾಲ್ಕು ಪಟ್ಟು ಕಮ್ಮಿ ಆಯಿತು.

ಸಂಬಳದ ಕೆಲಸದಲ್ಲಿ ಮೀಟಿಂಗಿಗೂ ದುಡ್ಡು, ರಜೆಗೂ ದುಡ್ಡು, ಸುಮ್ನೆ ಕೂತ ಮಧ್ಯಾಹ್ನಕ್ಕೂ ದುಡ್ಡು. ಟ್ರೈನರ್‌ಗೆ ಕ್ಲಾಸಲ್ಲಿ ನಿಂತ ದಿನಕ್ಕೆ ಮಾತ್ರ. ನಿಮ್ಮ ಮೂರು ದಿನವನ್ನೇ ಬಿಡಿಸಿ ನೋಡಿ. ಎಚ್‌ಆರ್ ಜೊತೆ, ಬರುವವರಲ್ಲಿ ಒಂದಿಬ್ಬರ ಜೊತೆ ಮಾತಾಡಲು ಅರ್ಧ ದಿನ. ಹಳೇ ಸ್ಲೈಡುಗಳನ್ನು ಅವರ ಕೆಲಸಕ್ಕೆ ಹೊಂದಿಸಿ, ಚಟುವಟಿಕೆ ಬದಲಿಸಲು ಒಂದೂವರೆ ದಿನ. ರಾತ್ರಿ ಬಸ್ಸಿಳಿದು ನೇರ ಹೋಗಿ ಸಂಜೆವರೆಗೆ ನಿಂತು ಪಾಠ ಮಾಡಲು ಆಗುವುದಿಲ್ಲ, ಹಾಗಾಗಿ ಹಿಂದಿನ ದಿನವೇ ಹೊರಡಬೇಕು, ಮಳೆಗಾಲದಲ್ಲಿ ಶಿರಾಡಿ ಘಾಟಿ ಬಂದ್ ಆದರೆ ಸುತ್ತು ಹಾಕಬೇಕಾಗುತ್ತದೆ ಅಂತ ಇನ್ನೂ ಬೇಗ. ಅದೊಂದು ದಿನ. ವಾಪಸ್ ಬಂದ ಬೆಳಿಗ್ಗೆ ಅರ್ಧ ದಿನ ನಿದ್ದೆಗೆ. ಫೀಡ್‌ಬ್ಯಾಕ್ ಓದಿ ವರದಿ ಬರೆಯಲು ಇನ್ನರ್ಧ. ಒಟ್ಟು ಏಳು ದಿನ ಹೋಯಿತು, ಬಿಲ್ ಆದದ್ದು ಮೂರು.

ಈಗ ವರ್ಷದ ಲೆಕ್ಕ. ಶನಿವಾರ, ಭಾನುವಾರ, ಹಬ್ಬ, ಜ್ವರ ಬಿಟ್ಟರೆ ಸುಮಾರು 240 ದಿನ. ಕಾಲು ಭಾಗ ಕೆಲಸ ಹುಡುಕಲು, ಕೊಟೇಶನ್ ಕಳಿಸಲು, ಬಾಕಿ ವಸೂಲಿಗೆ. ಉಳಿದ 180ರಲ್ಲಿ ಒಂದು ದಿನದ ಪಾಠಕ್ಕೆ ಇನ್ನೊಂದು ದಿನ ಹಿಂದೆಮುಂದೆ ಹೋಗುತ್ತದೆ (ಮಂಗಳೂರಿನೊಳಗಾದರೆ ಕಮ್ಮಿ, ಬೆಂಗಳೂರಾದರೆ ಜಾಸ್ತಿ). ಹಾಗಾಗಿ 90. ಅಷ್ಟೂ ತುಂಬುವುದಿಲ್ಲ, 80 ಅನ್ನಿ. ನಿಮಗೆ ಬೇಕಾದದ್ದು ವರ್ಷಕ್ಕೆ 9.6 ಲಕ್ಷ. ಇನ್ಶೂರೆನ್ಸ್, ಲ್ಯಾಪ್‌ಟಾಪ್, ಮಾರ್ಕೆಟಿಂಗ್ ಓಡಾಟ ಅಂತ 2.4 ಲಕ್ಷ ಸೇರಿಸಿ. 12 ಲಕ್ಷವನ್ನು 80ರಿಂದ ಭಾಗಿಸಿದರೆ ದಿನಕ್ಕೆ 15,000. ನಿಮ್ಮ 4,000ದಲ್ಲಿ ವರ್ಷಕ್ಕೆ 3.2 ಲಕ್ಷ, ಖರ್ಚು ಕಳೆದರೆ ತಿಂಗಳಿಗೆ ಆರು ಸಾವಿರ ಚಿಲ್ಲರೆ. ಆಗ "ಟ್ರೈನಿಂಗ್‌ನಲ್ಲಿ ದುಡ್ಡಿಲ್ಲ" ಅನ್ನುತ್ತೀರಿ!

ಮಾಮೂಲಿ ತಯಾರಿ ಮತ್ತು ಪ್ರಯಾಣದ ಸಮಯ ಈ 15,000ದೊಳಗೇ ಇದೆ, ಅದನ್ನೇ ಇನ್ನೊಮ್ಮೆ ಬಿಲ್ಲಿಗೆ ಹಾಕಬೇಡಿ. ಆದರೆ ಅವರಿಗಾಗಿಯೇ ಹೊಸ ಕೋರ್ಸ್ ಕಟ್ಟಬೇಕೆಂದರೆ ಅದು ಬೇರೆ ಕೆಲಸ. ಒಂದು ದಿನದ ಹೊಸ ಪಾಠಕ್ಕೆ ಎರಡು ಮೂರು ದಿನ ಸುಲಭವಾಗಿ ಹಿಡಿಯುತ್ತದೆ. ಅದಕ್ಕೆ ಅರ್ಧ ದರದಲ್ಲಿ ದಿನ ಎಣಿಸಿ ಬೇರೆ ಸಾಲಿನಲ್ಲಿ ಬರೆಯಿರಿ. ಟಿಕೆಟ್, ಹೋಟೆಲ್ ಕಂಪನಿಯೇ ಬುಕ್ ಮಾಡಲಿ. ನೀವು ಜಿಎಸ್‌ಟಿ ನೋಂದಣಿ ಮಾಡಿಸಿದ್ದರೆ, ನಿಮ್ಮ ಬಿಲ್ಲಿನೊಳಗೆ ಬಂದ ಪ್ರಯಾಣದ ಖರ್ಚಿಗೂ ಸಾಮಾನ್ಯವಾಗಿ 18% ಕೂಡುತ್ತದೆ, ಆಮೇಲೆ ಅವರ ಅಕೌಂಟ್ಸ್‌ನವರು ಫೋನ್ ಮಾಡುತ್ತಾರೆ.

"ಮೂರು ದಿನ ಒಟ್ಟಿಗೆ ಕೊಟ್ಟಿದ್ದೇವೆ, ಕಮ್ಮಿ ಮಾಡಿ" ಅನ್ನುವವರು ಇದ್ದೇ ಇರುತ್ತಾರೆ. ಪ್ರಯಾಣ ಒಂದೇ ಸಲ ಆಗುವುದರಿಂದ ಸ್ವಲ್ಪ ಬಿಡಬಹುದು. ಆದರೆ ರದ್ದಾದರೆ ಮೂರೂ ದಿನ ಒಟ್ಟಿಗೇ ಹೋಗುತ್ತವೆ, ಆ ತಾರೀಖಿಗೆ ಕೇಳಿದ ಬೇರೆಯವರಿಗೆ ನೀವು ಆಗಲೇ ಇಲ್ಲ ಅಂದಾಗಿದೆ. ಆದ್ದರಿಂದ ಬಿಡುವ ಮೊದಲು ರದ್ದತಿಯ ಷರತ್ತು ಬರೆಸಿಕೊಳ್ಳಿ. ನಾನು ಹಾಕುವುದು ಹೀಗೆ: 15 ದಿನ ಮೊದಲೇ ಹೇಳಿದರೆ ಫೀ ಇಲ್ಲ, ಕೈಯಿಂದ ಹೋದ ಖರ್ಚು ಮಾತ್ರ. 7ರಿಂದ 14 ದಿನದೊಳಗಾದರೆ ಅರ್ಧ. ಅದಕ್ಕಿಂತ ತಡವಾದರೆ ಪೂರ್ತಿ. "ಮುಂದಕ್ಕೆ ಹಾಕಿದ್ದೇವೆ ಅಷ್ಟೇ, ರದ್ದಲ್ಲ" ಅನ್ನುವುದು ಹಳೇ ದಾರಿ. ಹೊಸ ತಾರೀಖು ಬರಹದಲ್ಲಿ ಕೊಟ್ಟು 60 ದಿನದೊಳಗೆ ಮಾಡಿದರೆ ಒಂದು ಸಲ ಒಪ್ಪಿ, ತಾರೀಖಿಲ್ಲದ್ದನ್ನು ರದ್ದು ಅಂತಲೇ ಎಣಿಸಿ. ತಾರೀಖು ಹಿಡಿದಿಡುವಾಗ ಅರ್ಧ ಮುಂಗಡ ತೆಗೆದುಕೊಂಡರೆ ಜಗಳವೇ ಬರುವುದಿಲ್ಲ, ಯಾಕೆಂದರೆ ಕೊಡದ ಹಣ ಕೇಳುವುದಕ್ಕಿಂತ ಕೈಗೆ ಬಂದದ್ದನ್ನು ಉಳಿಸಿಕೊಳ್ಳುವುದು ಸುಲಭ.

ನೀವು ಕೇಳಲಿಲ್ಲ, ಆದರೂ ಕಾಲೇಜುಗಳ ವಿಷಯ ಹೇಳಿಬಿಡುತ್ತೇನೆ. ನಮ್ಮ ಕಡೆ ಕಾಲೇಜುಗಳಿಗೇನು ಬರ ಇಲ್ಲವಲ್ಲ, ಕರೆ ಬಂದೇ ಬರುತ್ತದೆ. ಶಾಲು, ಸ್ಮರಣಿಕೆ, ಒಂದು ಕವರ್. ಕವರಿನ ಮೊತ್ತ ನೋಡಿ ನಿಮ್ಮ ದರವನ್ನು ಅಲ್ಲಿಗೆ ಇಳಿಸಬೇಡಿ. ಒಂದೋ ವರ್ಷಕ್ಕೆ ಒಂದೆರಡು ದಿನ ಉಚಿತ ಅಂತ ತೀರ್ಮಾನಿಸಿ ಖುಷಿಯಿಂದ ಹೋಗಿ, ಅಥವಾ ಪೂರ್ತಿ ದರದ ಬಿಲ್ ಮಾಡಿ ರಿಯಾಯಿತಿಯನ್ನು ಅದರಲ್ಲೇ ಬರೆದು ತೋರಿಸಿ. ಮುಂದಿನ ವರ್ಷ ಹೊಸ ಪ್ರಾಂಶುಪಾಲರು ಹಳೇ ಫೈಲ್ ತೆಗೆದಾಗ ಅವರಿಗೆ ಮೊದಲು 15,000 ಕಾಣಬೇಕು.