ಅಂಗಡಿ ಮುಚ್ಚುವ ಲೆಕ್ಕ: ಮೊದಲು ಮಾಲು, ಆಮೇಲೆ ಬಾಕಿ, ಕೊನೆಗೆ ಜಿಎಸ್‌ಟಿ

ವ್ಯಾಪಾರ ಶುರು ಮಾಡುವುದರ ಬಗ್ಗೆ ನಮ್ಮ ಪಠ್ಯಪುಸ್ತಕದಲ್ಲಿ ಎರಡು ಪಾಠ ಇದ್ದವು, ಮುಚ್ಚುವುದರ ಬಗ್ಗೆ ಅರ್ಧ ಪುಟ. ಆ ಅರ್ಧ ಪುಟದಲ್ಲಿ ಇಲ್ಲದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಒಬ್ಬರೇ ಮಾಲೀಕರಿರುವ ಸಣ್ಣ ಅಂಗಡಿಗೆ ಮಾತ್ರ ಇದು ಅನ್ವಯ. ಪಾಲುದಾರಿಕೆಗೂ ಕಂಪನಿಗೂ ದಾರಿ ಬೇರೆ. ಇಲ್ಲಿ ಅಂಗಡಿಯ ಸಾಲವೇ ಮಾಲೀಕನ ಸಾಲ. ಷಟರ್ ಎಳೆದರೂ ಅದು ಮನೆ ಬಾಗಿಲಿಗೆ ಬರುತ್ತದೆ.

ಉದಾಹರಣೆಗೆ ದಾವಣಗೆರೆಯ ಒಂದು ರೆಡಿಮೇಡ್ ಬಟ್ಟೆ ಅಂಗಡಿ ಎಂದುಕೊಳ್ಳಿ. ಅಂಕಿಗಳು ನಾನು ಕಟ್ಟಿಕೊಂಡವು. ಕೊಂಡ ಬೆಲೆಯಲ್ಲಿ ₹6,00,000ದ ಮಾಲು ಇದೆ. ಬ್ಯಾಂಕಿನ ಸಿಸಿ, ಅಂದರೆ ಕ್ಯಾಶ್ ಕ್ರೆಡಿಟ್ ಖಾತೆಯಲ್ಲಿ ₹2,10,000 ಸಾಲ, ಮಾಲು ಕೊಟ್ಟ ಸಗಟು ವ್ಯಾಪಾರಿಗಳಿಗೆ ₹3,20,000 ಬಾಕಿ. ಬಾಡಿಗೆ ತಿಂಗಳಿಗೆ ₹18,000, ಕಟ್ಟಡದ ಮಾಲೀಕರ ಹತ್ತಿರ ಅಡ್ವಾನ್ಸ್ ₹1,50,000. ಕೆಲಸಕ್ಕೆ ಇಬ್ಬರು, ತಲಾ ₹14,000 ಸಂಬಳ. ಉದ್ರಿ ಪುಸ್ತಕದಲ್ಲಿ ಜನರಿಂದ ಬರಬೇಕಾದ್ದು ₹40,000.

ಬೋರ್ಡ್ ಹಾಕುವ ಮೊದಲು

‘ಅಂಗಡಿ ಖಾಲಿ ಮಾಡುತ್ತಿದ್ದೇವೆ’ ಎಂಬ ಬೋರ್ಡ್ ಕಂಡ ದಿನವೇ ಉದ್ರಿ ತೀರಿಸುವವರ ಕಾಲು ಆ ಬೀದಿಯಿಂದ ಬೇರೆ ಕಡೆ ತಿರುಗುತ್ತದೆ. ಹಾಗಾಗಿ ಮೊದಲ ಕೆಲಸ ಉದ್ರಿ ವಸೂಲಿ. ₹40,000ದಲ್ಲಿ ₹11,000 ಕೈಗೆ ಬಂತು ಎಂದು ಹಿಡಿಯೋಣ. ಉಳಿದದ್ದನ್ನು ನಾನು ಲೆಕ್ಕಕ್ಕೇ ತೆಗೆದುಕೊಂಡಿಲ್ಲ.

ಎರಡನೆಯದು ಬ್ಯಾಂಕಿಗೆ ಪತ್ರ. ಸಿಸಿ ಸಾಲಕ್ಕೆ ಅಂಗಡಿಯ ಮಾಲೇ ಅಡಮಾನ. ಮಾಲು ಕರಗಿದಂತೆ ಖಾತೆಯಿಂದ ತೆಗೆಯಬಹುದಾದ ಮಿತಿಯೂ ಕರಗುತ್ತದೆ. ಮಾರಿದ ಹಣವೆಲ್ಲ ಆ ಖಾತೆಗೆ ಹೋಗಿ, ಸಂಬಳ ಕೊಡಲು ತೆಗೆಯಲಾಗದೆ ಸಿಕ್ಕಿಕೊಳ್ಳುವುದು ಇಲ್ಲೇ. ಹಾಗೆಂದು ಕ್ಯೂಆರ್ ಕೋಡನ್ನು ಹೆಂಡತಿಯ ಖಾತೆಗೆ ಬದಲಾಯಿಸಿದರೆ ಅಡವಿಟ್ಟ ಮಾಲನ್ನು ಬ್ಯಾಂಕಿನ ಕಣ್ಣು ತಪ್ಪಿಸಿ ಮಾರಿದ ಹಾಗಾಗುತ್ತದೆ. ಮಾಲು ಖಾಲಿ ಮಾಡುವ ಎರಡು ತಿಂಗಳ ಮಾರಾಟದಲ್ಲಿ ಎಷ್ಟು ಸಾಲಕ್ಕೆ, ಎಷ್ಟು ಸಂಬಳ ಮತ್ತು ವಿದ್ಯುತ್ತಿಗೆ ಎಂದು ಮೊದಲೇ ಬರವಣಿಗೆಯಲ್ಲಿ ಒಪ್ಪಿಸಿಕೊಳ್ಳಬೇಕು.

ಕೆಲಸದವರಿಗೂ ಆಗಲೇ ಲಿಖಿತವಾಗಿ ಹೇಳುವುದು ಒಳ್ಳೆಯದು. ಕರ್ನಾಟಕದ 1961ರ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ ಪ್ರಕಾರ ಆರು ತಿಂಗಳು ಸತತವಾಗಿ ದುಡಿದವರನ್ನು ತೆಗೆಯಲು ಒಂದು ತಿಂಗಳ ನೋಟಿಸ್ ಅಥವಾ ಅದರ ಬದಲು ಸಂಬಳ ಕೊಡಬೇಕು. ಮೊದಲೇ ನೋಟಿಸ್ ಕೊಟ್ಟರೆ ಆ ತಿಂಗಳು ಅವರು ಮಾರಾಟಕ್ಕೆ ನಿಲ್ಲುತ್ತಾರೆ, ಕೊನೆಯಲ್ಲಿ ಹೇಳಿದರೆ ₹28,000 ಬರಿದೇ ಹೋಗುತ್ತದೆ.

ಮಾಲು ಮೂರು ರಾಶಿ

ಯಾವುದಕ್ಕೂ ಮುಂಚೆ ಗಂಟು ಬಿಚ್ಚದ, ಟ್ಯಾಗ್ ಕೀಳದ ಈ ಸೀಸನ್ನಿನ ಮಾಲನ್ನು ಕೊಟ್ಟವರಿಗೇ ವಾಪಸ್ ಮಾಡಲು ಕೇಳಬೇಕು. ₹90,000ದ ಮಾಲು ಹೀಗೆ ಹೋಯಿತು, ಕ್ರೆಡಿಟ್ ನೋಟ್ ಬಂತು, ಸಗಟು ಬಾಕಿ ₹2,30,000ಕ್ಕೆ ಇಳಿಯಿತು. ಕೊಂಡ ಬೆಲೆ ಪೂರ್ತಿ ಸಿಗುವ ಸುಲಭದ ದಾರಿ ಇದು. ಆ ಮಾಲಿನ ಮೇಲೆ ಪಡೆದ ತೆರಿಗೆ ಕ್ರೆಡಿಟ್ಟನ್ನು ಮಾತ್ರ ವಾಪಸ್ ತೋರಿಸಬೇಕು; ಕೊಳ್ಳುವಾಗ ಕೊಟ್ಟ ಜಿಎಸ್‌ಟಿಯನ್ನು ಮಾರುವಾಗ ಕಟ್ಟುವ ಜಿಎಸ್‌ಟಿಯಲ್ಲಿ ಕಳೆದುಕೊಳ್ಳುವುದೇ ಈ ಕ್ರೆಡಿಟ್.

ಉಳಿದ ₹5,10,000ದಲ್ಲಿ ದಿನಾ ಹೋಗುವ ಮಾಲು ₹2,00,000, ನಿಧಾನಕ್ಕೆ ಹೋಗುವುದು ₹1,90,000, ಸತ್ತ ಮಾಲು ₹1,20,000. ಸತ್ತ ಮಾಲು ಎಂದರೆ ಹರಿದದ್ದಲ್ಲ, ಸೈಜ್ ಸೆಟ್ ಮುರಿದದ್ದು. ಒಂದೇ ಡಿಸೈನಿನ ಶರ್ಟಿನಲ್ಲಿ 38 ಮತ್ತು 44 ಇವೆ, ಎಲ್ಲರೂ ಕೇಳುವ 40, 42 ಇಲ್ಲ. ಗಿರಾಕಿ ಬಟ್ಟೆ ಮೆಚ್ಚುತ್ತಾನೆ, ಅಳತೆ ಕೇಳುತ್ತಾನೆ, ಮಡಚಿಟ್ಟು ಹೋಗುತ್ತಾನೆ.

ಮೊದಲ ವಾರವೇ ಇಡೀ ಅಂಗಡಿಗೆ ‘50% ರಿಯಾಯಿತಿ’ ಎಂದು ಹಾಕುವುದನ್ನು ನಾನು ತಪ್ಪು ಎನ್ನುತ್ತೇನೆ. ಹಾಗೇ ಹೋಗುತ್ತಿದ್ದ ಮಾಲು ಅರ್ಧ ಬೆಲೆಗೆ ಖಾಲಿಯಾಗುತ್ತದೆ. ಆಮೇಲೆ ಸತ್ತ ಮಾಲನ್ನು ನೋಡಲು ಯಾರೂ ಒಳಗೆ ಬರುವುದಿಲ್ಲ. ಮೊದಲ ರಾಶಿಯನ್ನು ಕೊಂಡ ಬೆಲೆಗೇ ಮಾರಿದರೆ ₹2,00,000. ಎರಡನೆಯದು ಕೊಂಡ ಬೆಲೆಯ 60%ಗೆ ಹೋದರೆ ₹1,14,000. ಮೂರನೆಯದನ್ನು ಸಂತೆಯಲ್ಲಿ ಮಾರುವ ಲಾಟ್ ವ್ಯಾಪಾರಿಗೆ, ಆರಿಸಿಕೊಳ್ಳುವಂತಿಲ್ಲ ಎಂಬ ಕರಾರಿನ ಮೇಲೆ, 25%ಗೆ ಕೊಟ್ಟರೆ ₹30,000.

‘ಇನ್ನೊಂದು ತಿಂಗಳು ಕಾದರೆ ಒಳ್ಳೆ ರೇಟು ಬರಬಹುದು’ ಎನ್ನುವವರು ಬಾಡಿಗೆ ಮತ್ತು ಸಂಬಳ ಕೂಡಿ ನೋಡಲಿ: ₹46,000. ಕಾಯುತ್ತಿರುವ ರಾಶಿಯಿಂದ ಬರುವುದು ₹30,000.

ಲೆಕ್ಕ ಮುಗಿಸೋಣ. ಮಾರಾಟದಿಂದ ₹3,44,000, ರ‍್ಯಾಕು, ಕೌಂಟರ್, ಕನ್ನಡಿ ಮಾರಿ ₹36,000, ಎರಡು ತಿಂಗಳ ಬಾಡಿಗೆ ಕಳೆದು ಅಡ್ವಾನ್ಸಿನಿಂದ ₹1,14,000, ಉದ್ರಿ ₹11,000. ಒಟ್ಟು ₹5,05,000. ಕೊಡಬೇಕಾದ್ದು: ಎರಡು ತಿಂಗಳ ಸಂಬಳ ₹56,000, ಬ್ಯಾಂಕು ₹2,10,000, ಸಗಟಿನವರು ₹2,30,000, ವಿದ್ಯುತ್ತು ಮತ್ತು ಆಡಿಟರ್ ಸೇರಿ ₹15,000. ಒಟ್ಟು ₹5,11,000. ಕೊರತೆ ₹6,000, ಕೈಯಿಂದ ಹಾಕಬೇಕು. ಜಿಎಸ್‌ಟಿಯನ್ನು ಇದರಲ್ಲಿ ಸೇರಿಸಿಲ್ಲ.

ರದ್ದತಿಯ ತಾರೀಖು

ತುಂಬಾ ಜನ ತಿರುಗುಮುರುಗು ಮಾಡುವುದು ಇಲ್ಲಿ. ವ್ಯಾಪಾರ ನಿಲ್ಲುತ್ತಿದೆಯಲ್ಲ ಎಂದು ಮೊದಲೇ ಜಿಎಸ್‌ಟಿ ರದ್ದಿಗೆ `REG-16` ಅರ್ಜಿ ಹಾಕಿಬಿಡುತ್ತಾರೆ. ರದ್ದಾಗುವ ಹಿಂದಿನ ದಿನ ಅಂಗಡಿಯಲ್ಲಿ ಎಷ್ಟು ಮಾಲು ಉಳಿದಿದೆಯೋ ಅದರ ಮೇಲೆ ಪಡೆದ ಕ್ರೆಡಿಟ್, ಅಥವಾ ಆ ಮಾಲಿಗೆ ತಗಲುವ ತೆರಿಗೆ, ಎರಡರಲ್ಲಿ ಹೆಚ್ಚಿನದನ್ನು ಕಟ್ಟಬೇಕು. ಹಾಗಾಗಿ ಮಾಲು ಖಾಲಿಯಾದ ಮೇಲೆಯೇ ಅರ್ಜಿ.

ನಮ್ಮ ಸತ್ತ ಮಾಲನ್ನೇ ನೋಡಿ. ಕೊಳ್ಳುವಾಗ 5% ದರದಲ್ಲಿ ₹6,000 ತೆರಿಗೆ ಕಟ್ಟಿ ಕ್ರೆಡಿಟ್ ಪಡೆದಿದ್ದೇವೆ. ಅದು ಉಳಿದುಕೊಂಡಿದ್ದರೆ ಕನಿಷ್ಠ ₹6,000 ಕಟ್ಟಬೇಕು. ಬೇಸತ್ತು ಹಂಚಿಬಿಟ್ಟರೂ ಅಷ್ಟೇ, ಪುಕ್ಕಟೆ ಕೊಟ್ಟ ಮಾಲಿಗೆ ಕ್ರೆಡಿಟ್ ಇಲ್ಲ. ₹30,000ಕ್ಕೆ ಬಿಲ್ ಹಾಕಿ ಮಾರಿದರೆ ತೆರಿಗೆ ₹1,500, ಅದೂ ಕೊಳ್ಳುವವನಿಂದಲೇ ಬರುತ್ತದೆ, ಕ್ರೆಡಿಟ್ ಹೋಗುವುದಿಲ್ಲ. ಬಿಲ್ಲಿಲ್ಲದೆ ಲಾಟ್ ಕೊಡುವವರು ಈ ವ್ಯತ್ಯಾಸವನ್ನೇ ಕಳೆದುಕೊಳ್ಳುತ್ತಾರೆ, ತಪ್ಪನ್ನೂ ತಲೆಗೆ ಹಾಕಿಕೊಳ್ಳುತ್ತಾರೆ. ನಷ್ಟಕ್ಕೆ ಮಾರಿದ್ದರಿಂದ ಜಿಎಸ್‌ಟಿ ಪೋರ್ಟಲಿನ ಲೆಡ್ಜರಿನಲ್ಲಿ ಉಳಿಯುವ ಕ್ರೆಡಿಟ್ಟನ್ನು ನಗದಾಗಿ ಕೊಡುವುದಿಲ್ಲ ಎಂದೇ ಹಿಡಿದು ಲೆಕ್ಕ ಹಾಕಿ. ಅಲ್ಲಿನ ಕ್ಯಾಶ್ ಲೆಡ್ಜರಿನಲ್ಲಿ ನಾವು ಕಟ್ಟಿದ ನಗದು ಉಳಿದಿದ್ದರೆ ಅದನ್ನು ವಾಪಸ್ ಕೇಳಬಹುದು.

ರದ್ದಾದ ಮೇಲೆ ಇನ್ನೊಂದು ರಿಟರ್ನ್ ಇದೆ, `GSTR-10`. ರದ್ದಾದ ದಿನ ಅಥವಾ ಆದೇಶದ ದಿನ, ಯಾವುದು ಕೊನೆಯದೋ ಅಲ್ಲಿಂದ ಮೂರು ತಿಂಗಳೊಳಗೆ ಸಲ್ಲಿಸಬೇಕು. ರದ್ದಾಯಿತು, ಮುಗಿಯಿತು ಎಂದು ಪೋರ್ಟಲ್ ಮರೆತವರಿಗೆ ನೋಟಿಸ್ ಬರುವುದು ಇದಕ್ಕೇ. ಪಾಲಿಕೆಯ ಟ್ರೇಡ್ ಲೈಸೆನ್ಸ್, ವೃತ್ತಿ ತೆರಿಗೆ, ಕಾರ್ಮಿಕ ಇಲಾಖೆಗೂ ಮುಚ್ಚಿದ್ದನ್ನು ತಿಳಿಸಬೇಕು, ಅವು ಬರಿ ಅರ್ಜಿಗಳು.

ಚೆಕ್ಕುಗಳು

ನಮ್ಮ ಚಿಕ್ಕಪ್ಪ ಎಡವಿದ್ದು ಇಲ್ಲಿ. ಸಗಟಿನವರು ಭದ್ರತೆಗೆಂದು ಸಹಿ ಮಾಡಿದ ಚೆಕ್ ಇಟ್ಟುಕೊಂಡಿದ್ದರು. ಅಂಗಡಿ ಮುಚ್ಚಿದ ವಾರವೇ ಚಿಕ್ಕಪ್ಪ ಕರೆಂಟ್ ಖಾತೆಯನ್ನೂ ಮುಚ್ಚಿಸಿದರು. ಬಾಕಿ ಇದ್ದ ಒಬ್ಬರು ಚೆಕ್ ಹಾಕಿದರು, ‘ಖಾತೆ ಮುಚ್ಚಿದೆ’ ಎಂದು ವಾಪಸ್ ಬಂತು. ಇದೂ ಚೆಕ್ ಬೌನ್ಸ್‌ನ 138ನೇ ಕಲಮಿನಡಿ ಬರುತ್ತದೆ. ಚೆಕ್ ವಾಪಸಾದ ವಿಷಯ ತಿಳಿದ 30 ದಿನಗಳೊಳಗೆ ಅವರು ನೋಟಿಸ್ ಕೊಡಬಹುದು, ನೋಟಿಸ್ ಕೈಗೆ ಬಂದ 15 ದಿನಗಳೊಳಗೆ ಹಣ ಕೊಡದಿದ್ದರೆ ಪ್ರಕರಣ ಹೂಡಬಹುದು. ಸ್ವಲ್ಪ ಕಾಲಾವಕಾಶ ಕೇಳಿದ್ದರೆ ಕೊಡುತ್ತಿದ್ದವರೂ ಆಗ ವಕೀಲರ ಬಳಿ ಹೋಗುತ್ತಾರೆ.

ಅದಕ್ಕೇ ಹಣ ಕೊಡುವಾಗ ಮೂರನ್ನು ಒಟ್ಟಿಗೆ ಕೇಳಬೇಕು: ಅವರ ಲೆಡ್ಜರಿನ ಪ್ರತಿ, ‘ಬಾಕಿ ಇಲ್ಲ’ ಎಂಬ ಸಹಿ ಮಾಡಿದ ಪತ್ರ, ನಮ್ಮ ಚೆಕ್ ವಾಪಸ್. ಸ್ವಲ್ಪ ಬಿಟ್ಟುಕೊಟ್ಟು ಬಾಕಿ ತೀರಿಸಿಕೊಂಡರೆ, ಬಿಟ್ಟುಕೊಟ್ಟ ಮೊತ್ತವನ್ನು ಆದಾಯ ತೆರಿಗೆಯಲ್ಲಿ ವ್ಯಾಪಾರದ ಆದಾಯ ಎಂದು ತೋರಿಸಬೇಕಾಗಬಹುದು, ಆಡಿಟರಿಗೆ ಹೇಳಿಬಿಡಿ. ಕೊಟ್ಟಿದ್ದ ಪ್ರತಿ ಚೆಕ್ಕಿನ ನಂಬರನ್ನೂ ಹಳೆಯ ಕೌಂಟರ್‌ಫಾಯಿಲ್ ನೋಡಿ ಟಿಕ್ ಹಾಕುತ್ತಾ ಹೋಗಬೇಕು. ಎಲ್ಲಕ್ಕೂ ಟಿಕ್ ಬಿದ್ದ ಮೇಲೆ, ಜಿಎಸ್‌ಟಿ ಮರುಪಾವತಿ ಬಂದ ಮೇಲೆ, ಖಾತೆ ಮುಚ್ಚುವ ಅರ್ಜಿ. ಬಿಲ್ ಪುಸ್ತಕಗಳು ಮಾತ್ರ ಇನ್ನೂ ಆರು ವರ್ಷದ ಮೇಲೆ ಮನೆಯ ಅಟ್ಟದಲ್ಲೇ ಇರಲಿ; ವಾರ್ಷಿಕ ರಿಟರ್ನಿನ ಗಡುವಿನಿಂದ 72 ತಿಂಗಳು ಅವನ್ನು ಇಟ್ಟುಕೊಳ್ಳಬೇಕು.